ಮೂರು ಸಲ ಕೊಂಡ ಷೇರು, ಒಂದೇ ಸಲ ಮಾರಿದಾಗ: ಲಾಭದ ಲೆಕ್ಕ ಹೇಗೆ?

ಬ್ರೋಕರ್ ಆ್ಯಪ್ ತೆರೆದರೆ ಪ್ರತಿ ಷೇರಿನ ಪಕ್ಕದಲ್ಲೂ ‘ಸರಾಸರಿ ಬೆಲೆ’ ಅಂತ ಒಂದು ಅಂಕಿ ಕಾಣುತ್ತದೆ. ರಿಟರ್ನ್ ತುಂಬುವಾಗ ಬಹಳ ಜನ ಅದನ್ನೇ ಹಿಡಿದು ಲಾಭ ಲೆಕ್ಕ ಹಾಕುತ್ತಾರೆ. ತಪ್ಪಾಗುವುದು ಅಲ್ಲೇ. ಡಿಮ್ಯಾಟ್ ಖಾತೆಯ ಷೇರಿಗೆ ಆದಾಯ ತೆರಿಗೆ ಇಲಾಖೆ ಸರಾಸರಿಯನ್ನು ಒಪ್ಪುವುದಿಲ್ಲ. ಮೊದಲು ಖಾತೆಗೆ ಬಂದ ಷೇರೇ ಮೊದಲು ಹೋಯಿತು ಅನ್ನುವುದು ನಿಯಮ. ಇದಕ್ಕೆ ಫಿಫೊ ಅನ್ನುತ್ತಾರೆ.

ಒಂದು ಉದಾಹರಣೆ ನೋಡೋಣ. ಒಂದೇ ಕಂಪನಿಯ ಷೇರನ್ನು ನೀವು ಮೂರು ಸಲ ಕೊಂಡಿದ್ದೀರಿ: 2023ರ ಮಾರ್ಚ್ 10ರಂದು 200 ರೂಪಾಯಿಯಂತೆ 100, 2024ರ ನವೆಂಬರ್ 5ರಂದು 320ರಂತೆ 50, 2025ರ ಫೆಬ್ರುವರಿ 12ರಂದು 280ರಂತೆ 50. ಆಮೇಲೆ 2025ರ ಜೂನ್ 20ರಂದು 350ರಂತೆ 170 ಷೇರು ಮಾರಿದಿರಿ.

ಮೊದಲ ಕೆಲಸ, ಖರೀದಿಗಳನ್ನು ತಾರೀಖಿನ ಪ್ರಕಾರ ಒಂದರ ಕೆಳಗೊಂದು ಬರೆದುಕೊಳ್ಳಿ. ತಾರೀಖು ಮತ್ತು ದರವನ್ನು ಪ್ರತಿ ವಹಿವಾಟಿನ ಬಳಿಕ ಬ್ರೋಕರ್ ಕಳಿಸುವ ಕಾಂಟ್ರಾಕ್ಟ್ ನೋಟ್‌ನಿಂದ ತೆಗೆದುಕೊಳ್ಳಿ, ನೆನಪಿನಿಂದ ಬೇಡ. ಈಗ ಮಾರಿದ 170ನ್ನು ಮೇಲಿನಿಂದ ಕಳೆಯುತ್ತಾ ಬನ್ನಿ. ಮೊದಲ 100 ಪೂರ್ತಿ ಹೋಯಿತು. ಎರಡನೆಯ 50 ಕೂಡ ಹೋಯಿತು. ಉಳಿದ 20 ಮೂರನೆಯ ಖರೀದಿಯಿಂದ ಹೋಗಬೇಕು. ಒಂದು ಮಾರಾಟ ಹೀಗೆ ಮೂರು ತುಂಡಾಯಿತು.

ಪ್ರತಿ ತುಂಡಿಗೂ ಬೇರೆ ಬೇರೆ ಲಾಭ, ಬೇರೆ ಬೇರೆ ಅವಧಿ. ಷೇರುಪೇಟೆಯಲ್ಲಿ ಮಾರಾಟವಾಗುವ ಷೇರನ್ನು 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡು ಮಾರಿದರೆ ದೀರ್ಘಾವಧಿ. ಇಲ್ಲದಿದ್ದರೆ ಅಲ್ಪಾವಧಿ. ಮೊದಲ ತುಂಡು ಎರಡು ವರ್ಷ ದಾಟಿದೆ. ಷೇರಿಗೆ 150ರಂತೆ 15,000 ರೂಪಾಯಿ ದೀರ್ಘಾವಧಿ ಲಾಭ. ಎರಡನೆಯದಕ್ಕೆ ಏಳು ತಿಂಗಳು ಆಗಿದೆ ಅಷ್ಟೆ, 30ರಂತೆ 1,500 ಅಲ್ಪಾವಧಿ. ಮೂರನೆಯದರ 20 ಷೇರಿಗೆ 70ರಂತೆ 1,400, ಅದೂ ಅಲ್ಪಾವಧಿಯೇ. ಒಟ್ಟು ಲಾಭ 17,900.

ಇದನ್ನೇ ಸರಾಸರಿಯಲ್ಲಿ ಮಾಡಿ ನೋಡಿ. 200 ಷೇರಿಗೆ ಹಾಕಿದ್ದು 50,000, ಅಂದರೆ ಸರಾಸರಿ 250. ಆಗ 170 ಷೇರಿನ ಲಾಭ 17,000 ಬರುತ್ತದೆ. 900 ರೂಪಾಯಿ ಕಡಿಮೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಎಷ್ಟು ಲಾಭ ದೀರ್ಘಾವಧಿಯದು, ಎಷ್ಟು ಅಲ್ಪಾವಧಿಯದು ಅಂತ ಸರಾಸರಿ ಹೇಳುವುದೇ ಇಲ್ಲ. ತೆರಿಗೆ ನಿಂತಿರುವುದು ಅದರ ಮೇಲೇ ಅಲ್ವಾ?

2024ರ ಜುಲೈ 23ರಿಂದ ಆದ ಮಾರಾಟಕ್ಕೆ ಅಲ್ಪಾವಧಿ ಲಾಭದ ಮೇಲೆ ಶೇ 20 ತೆರಿಗೆ. ದೀರ್ಘಾವಧಿಗೆ ಶೇ 12.5, ಅದೂ ವರ್ಷದ ಒಟ್ಟು ದೀರ್ಘಾವಧಿ ಲಾಭ 1.25 ಲಕ್ಷ ದಾಟಿದರೆ, ದಾಟಿದ ಭಾಗಕ್ಕೆ ಮಾತ್ರ. ಆ ವರ್ಷ ಬೇರೆ ದೀರ್ಘಾವಧಿ ಲಾಭ ಇಲ್ಲದಿದ್ದರೆ ನಮ್ಮ 15,000ಕ್ಕೆ ತೆರಿಗೆ ಇಲ್ಲ. ಅಲ್ಪಾವಧಿಯ 2,900ಕ್ಕೆ ಶೇ 20ರಂತೆ 580 ರೂಪಾಯಿ, ಅದರ ಮೇಲೆ ಶೇ 4 ಸೆಸ್. ಬ್ರೋಕರೇಜನ್ನು ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ಬಿಟ್ಟಿದ್ದೇನೆ. ನಿಮ್ಮ ಲೆಕ್ಕದಲ್ಲಿ ಕೊಂಡಾಗಿನ ಬ್ರೋಕರೇಜನ್ನು ಕೊಂಡ ಬೆಲೆಗೆ ಸೇರಿಸಿ, ಮಾರಿದಾಗಿನದನ್ನು ಮಾರಿದ ಬೆಲೆಯಲ್ಲಿ ಕಳೆಯಿರಿ. ಕಾಂಟ್ರಾಕ್ಟ್ ನೋಟ್‌ನಲ್ಲಿ ಅದರ ಜೊತೆಗೇ ಇರುವ, ಷೇರು ವಹಿವಾಟಿನ ಮೇಲಿನ ತೆರಿಗೆಯಾದ ಎಸ್‌ಟಿಟಿಯನ್ನು ಮಾತ್ರ ಕಳೆಯುವಂತಿಲ್ಲ.

ಎರಡು ಡಿಮ್ಯಾಟ್ ಖಾತೆ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಫಿಫೊ ಲೆಕ್ಕ ಖಾತೆವಾರು ನಡೆಯುತ್ತದೆ. ಹಳೆಯ ಷೇರು ಒಂದು ಖಾತೆಯಲ್ಲಿದ್ದು, ನೀವು ಮಾರಿದ್ದು ಇನ್ನೊಂದರಿಂದ ಆದರೆ, ಆ ಎರಡನೆಯ ಖಾತೆಯ ಖರೀದಿಗಳನ್ನಷ್ಟೇ ಸಾಲಾಗಿ ನೋಡಬೇಕು. ಒಂದು ಖಾತೆಯಿಂದ ಇನ್ನೊಂದಕ್ಕೆ ಷೇರು ವರ್ಗಾಯಿಸಿಕೊಂಡಿದ್ದರೆ ಮತ್ತಷ್ಟು ಎಚ್ಚರ ಬೇಕು. ನೀವು ಎಷ್ಟಕ್ಕೆ ಕೊಂಡಿರಿ ಅಂತ ಹೊಸ ಬ್ರೋಕರ್‌ಗೆ ಗೊತ್ತಿರುವುದಿಲ್ಲ. ಅವರ ತೆರಿಗೆ ವರದಿಯಲ್ಲಿ ಕೊಂಡ ಬೆಲೆ ಸೊನ್ನೆ ಎಂದೋ, ವರ್ಗಾವಣೆಯಾದ ದಿನದ ಬೆಲೆ ಎಂದೋ ಕಾಣಬಹುದು. ಲಾಭ ವಿಪರೀತ ಜಾಸ್ತಿ ಕಂಡರೆ ಮೊದಲು ಈ ಕಾಲಂ ನೋಡಿ, ಹಳೆಯ ಕಾಂಟ್ರಾಕ್ಟ್ ನೋಟ್‌ನ ದರ ಮತ್ತು ತಾರೀಖು ಹಾಕಿ ಸರಿಪಡಿಸಿ.

ನಮ್ಮ ಉದಾಹರಣೆಯಲ್ಲಿ ಇನ್ನೂ 30 ಷೇರು ಉಳಿದಿವೆ. ಆ್ಯಪ್‌ನಲ್ಲಿ ಯಾವ ಅಂಕಿಯೇ ಕಾಣಲಿ, ತೆರಿಗೆಗೆ ಅವುಗಳ ಬೆಲೆ 280. ಪಟ್ಟಿಯ ಕೊನೆಗೆ ‘30 ಷೇರು, 280, 12-2-2025’ ಅಂತ ಬರೆದಿಡಿ. ಅವು ದೀರ್ಘಾವಧಿ ಆಗುವುದು 2026ರ ಫೆಬ್ರುವರಿ 12 ದಾಟಿದ ಮೇಲೆ. ಮುಂದಿನ ಮಾರಾಟದ ಲೆಕ್ಕ ಶುರುವಾಗುವುದೂ ಈ ಸಾಲಿನಿಂದಲೇ.