ಎರಡು ಟಿಕೆಟ್, ಒಂದು ಬ್ಯಾಗು: ವಿಯೆನ್ನಾದಲ್ಲಿ ನಾನು ಕಲಿತದ್ದು

ಆಸ್ಟ್ರಿಯಾದ ವಿಯೆನ್ನಾದವರೆಗೆ ಒಂದು ಟಿಕೆಟ್, ಅಲ್ಲಿಂದ ಸರ್ಬಿಯಾದ ಬೆಲ್‌ಗ್ರೇಡ್‌ಗೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್. ಒಟ್ಟಿಗೆ ಬುಕ್ ಮಾಡುವುದಕ್ಕಿಂತ ಅಗ್ಗವಾಗುತ್ತಿತ್ತು, ಹಾಗಾಗಿ ಬಿಡಿಬಿಡಿಯಾಗಿ ಕೊಂಡೆ. ಸರ್ಬಿಯಾದ ವೀಸಾ ಕೈಯಲ್ಲಿತ್ತು. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್‌ನಲ್ಲಿ ಆಸ್ಟ್ರಿಯಾ ಇದೆ, ಸರ್ಬಿಯಾ ಇಲ್ಲ; ವಿಯೆನ್ನಾದಲ್ಲಿ ನಾನು ಬರೀ ವಿಮಾನ ಬದಲಿಸುವವನು, ಷೆಂಗೆನ್ ವೀಸಾ ಯಾಕೆ ಬೇಕು ಅಂದುಕೊಂಡಿದ್ದೆ.

ಹೊರಡುವ ನಿಲ್ದಾಣದ ಕೌಂಟರಿನಲ್ಲಿದ್ದಾಕೆ ಪಾಸ್‌ಪೋರ್ಟ್ ತಿರುವಿ ನೋಡಿ, "ಸರ್, ಷೆಂಗೆನ್ ವೀಸಾ ಎಲ್ಲಿ?" ಅಂದರು. ಎರಡನೇ ಟಿಕೆಟ್ ತೋರಿಸಿದೆ. "ಈ ಬ್ಯಾಗನ್ನು ನಾವು ವಿಯೆನ್ನಾದವರೆಗೆ ಮಾತ್ರ ಕಳಿಸಬಹುದು. ಅಲ್ಲಿ ಅದನ್ನು ನೀವೇ ತಗೋಬೇಕು. ವೀಸಾ ಇಲ್ಲದೆ ಹೇಗೆ ತಗೋತೀರಾ?"

ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಚೆಕ್-ಇನ್ ಬ್ಯಾಗು ಬರುವ ಬೆಲ್ಟ್ ಇರುವುದು ಇಮಿಗ್ರೇಷನ್ ದಾಟಿದ ಮೇಲೆ. ಅದನ್ನು ಎತ್ತಿಕೊಂಡು, ಹೊರಗೆ ಬಂದು, ಮತ್ತೆ ನಿರ್ಗಮನದ ಕೌಂಟರಿಗೆ ಹೋಗಿ ಕೊಡಬೇಕು. ಕಾನೂನಿನ ಕಣ್ಣಲ್ಲಿ ಅದು ಆಸ್ಟ್ರಿಯಾದೊಳಗೆ ಕಾಲಿಟ್ಟಂತೆ. ಮೊದಲ ಕಂಪನಿಯ ಲೆಕ್ಕದಲ್ಲಿ ನನ್ನ ಪ್ರಯಾಣ ಮುಗಿಯುವುದೇ ವಿಯೆನ್ನಾದಲ್ಲಿ. ಸರಿಯಾದ ದಾಖಲೆ ಇಲ್ಲದವರನ್ನು ಕರೆದುಕೊಂಡು ಹೋದರೆ ದಂಡ ಬೀಳುವುದೂ ಅವರಿಗೇ, ವಾಪಸ್ ಕರೆತರಬೇಕಾದದ್ದೂ ಅವರೇ. ನನ್ನನ್ನು ಹತ್ತಿಸಲಿಲ್ಲ. ಎರಡನೇ ವಿಮಾನಕ್ಕೆ ನಾನು ಹೋಗದೆ ಇದ್ದುದರಿಂದ ಅದೇ ಬುಕಿಂಗ್‌ನಲ್ಲಿದ್ದ ವಾಪಸ್ ಸೀಟೂ ರದ್ದಾಯಿತು.

ಬ್ಯಾಗನ್ನು ನೇರವಾಗಿ ಬೆಲ್‌ಗ್ರೇಡ್‌ಗೆ ಟ್ಯಾಗ್ ಮಾಡಿದ್ದರೆ ಕಥೆಯೇ ಬೇರೆ ಇರುತ್ತಿತ್ತು. ಎರಡು ಕಂಪನಿಗಳ ನಡುವೆ ಬ್ಯಾಗು ಸಾಗಿಸುವ ಒಪ್ಪಂದ ಇದ್ದರೆ ಕೆಲವರು ಬೇರೆ ಬೇರೆ ಟಿಕೆಟ್ ಇದ್ದರೂ ಮಾಡಿಕೊಡುತ್ತಾರೆ. ಒಪ್ಪಂದವಿದ್ದೂ ಒಂದೇ ಟಿಕೆಟ್ ಇದ್ದರೆ ಮಾತ್ರ ಅನ್ನುವವರೂ ಇದ್ದಾರೆ. ಹಾಗಾಗಿ ಈಗ ದುಡ್ಡು ಕಟ್ಟುವ ಮುಂಚೆಯೇ ಮೊದಲ ಕಂಪನಿಗೆ ಬರೆದು ಕೇಳುತ್ತೇನೆ, ಉತ್ತರವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳುತ್ತೇನೆ. ಕೌಂಟರಿನಲ್ಲಿ ಬಾಯಿಮಾತು ನಂಬದೆ ಟ್ಯಾಗ್ ಓದುತ್ತೇನೆ. ಅದರ ಮೇಲಿನ ದೊಡ್ಡ ಅಕ್ಷರಗಳು BEG ಅಂತಿದ್ದರೆ ಬ್ಯಾಗು ಬೆಲ್‌ಗ್ರೇಡ್‌ಗೆ ಹೋಗುತ್ತದೆ. ಬರೀ VIE ಇದ್ದರೆ ನಾನೇ ಎತ್ತಿಕೊಳ್ಳಬೇಕು.

ಮುಂದಿನ ಸಲ ಹೊರಡುವ ಮುಂಚೆ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಿದೆ. ಇಲ್ಲಿ ಎರಡು ಕಡೆ ಎಡವಬಹುದು. ವಿಮಾನ ನಿಲ್ದಾಣದ ಟ್ರಾನ್ಸಿಟ್‌ಗೆಂದು ಕೊಡುವ ‘ಎ’ ವೀಸಾ ಈ ಕೆಲಸಕ್ಕೆ ಬರುವುದಿಲ್ಲ, ಅದರಲ್ಲಿ ಇಮಿಗ್ರೇಷನ್ ದಾಟುವಂತಿಲ್ಲ. ಬೇಕಾದದ್ದು ‘ಸಿ’ ವೀಸಾ. ಇನ್ನೊಂದು, ಎಷ್ಟು ಸಲ ಒಳಗೆ ಬರಬಹುದು ಅನ್ನುವುದು. ಹೋಗುವಾಗ ಬ್ಯಾಗಿಗಾಗಿ ಹೊರಗೆ ಬಂದರೆ ಒಂದು ಪ್ರವೇಶ ಮುಗಿಯಿತು. ಬೆಲ್‌ಗ್ರೇಡ್‌ನಿಂದ ವಾಪಸ್ ಬರುವಾಗ ವಿಯೆನ್ನಾದಲ್ಲಿ ಮತ್ತೆ ಬ್ಯಾಗು ಎತ್ತಿಕೊಳ್ಳಬೇಕಲ್ಲ, ಅದು ಎರಡನೆಯದು. ಒಂದೇ ಪ್ರವೇಶದ ವೀಸಾ ಇದ್ದರೆ ಬೆಲ್‌ಗ್ರೇಡ್‌ನಲ್ಲೇ ಸಿಕ್ಕಿಬೀಳುತ್ತೀರಿ. ನಾನು ಎರಡೂ ಕಡೆಯ ಟಿಕೆಟ್‌ಗಳನ್ನು ಲಗತ್ತಿಸಿ, ಬ್ಯಾಗು ಎತ್ತಿ ಮತ್ತೆ ಕೊಡಬೇಕಾದ ಕಾರಣವನ್ನು ಪತ್ರದಲ್ಲಿ ಬಿಡಿಸಿ ಬರೆದೆ. ವೀಸಾ ಚೀಟಿಯಲ್ಲಿ ಹಲವು ಸಲ ಪ್ರವೇಶಿಸಬಹುದು ಎಂದು ಸೂಚಿಸುವ MULT ಅಂತ ಇರುವುದನ್ನು ನೋಡಿದ ಮೇಲೆಯೇ ನಿಟ್ಟುಸಿರು ಬಿಟ್ಟದ್ದು. ಅದೇ ಚೀಟಿಯಲ್ಲಿರುವ ದಿನಗಳ ಸಂಖ್ಯೆಯನ್ನೂ ನೋಡಿಕೊಳ್ಳಿ. ಎರಡು ಗಂಟೆ ಇದ್ದರೂ ಒಂದು ದಿನವೆಂದೇ ಲೆಕ್ಕ, ಮಧ್ಯರಾತ್ರಿ ದಾಟಿದರೆ ಎರಡು.

ಆ ಸಲ ಬೆಳಗ್ಗೆ 10.20ಕ್ಕೆ ಇಳಿದೆ. ಪಾಸ್‌ಪೋರ್ಟ್ ಸಾಲು ದಾಟುವಾಗ 11.15, ಬ್ಯಾಗು ಕೈಗೆ ಬಂದಾಗ 11.40. ಎರಡನೇ ವಿಮಾನ 2.30ಕ್ಕೆ ಇತ್ತು, ಆ ಕಂಪನಿಯ ಕೌಂಟರ್ ತೆರೆದದ್ದು 12.30ಕ್ಕೆ. ಬ್ಯಾಗಿನ ತೂಕ 22 ಕೆಜಿ, ಎರಡನೇ ಟಿಕೆಟ್‌ನಲ್ಲಿ ಮಿತಿ 20. ಪ್ರತಿ ಟಿಕೆಟ್‌ಗೂ ಅದರದೇ ಮಿತಿ, ಮೊದಲನೆಯದು ಎಷ್ಟು ಬಿಟ್ಟಿದ್ದರೂ ಇವರಿಗೆ ಸಂಬಂಧವಿಲ್ಲ. ಎರಡು ಪುಸ್ತಕ, ಒಂದು ಜೊತೆ ಬೂಟು ಕೈಚೀಲಕ್ಕೆ ಹೋದವು. ಅಂತೂ ಸುಸೂತ್ರವಾಗಿ ಮುಗಿಯಿತು. ಆದರೆ ಮೊದಲ ವಿಮಾನ ಎರಡೂವರೆ ಗಂಟೆ ತಡವಾಗಿದ್ದರೆ ಎರಡನೆಯದು ಕೈತಪ್ಪುತ್ತಿತ್ತು, ಆ ನಷ್ಟವನ್ನು ಎರಡು ಕಂಪನಿಯವರೂ ಕಟ್ಟಿಕೊಡುತ್ತಿರಲಿಲ್ಲ.

ವೀಸಾ ಸಿಗದವರಿಗೆ ಉಳಿಯುವ ದಾರಿ ಬರೀ ಕೈಚೀಲದಲ್ಲಿ ಹೋಗುವುದು. ಟ್ರಾನ್ಸಿಟ್‌ಗೂ ವೀಸಾ ಕೇಳದ ನಿಲ್ದಾಣವಾದರೆ, ಎರಡನೇ ವಿಮಾನದ ಬೋರ್ಡಿಂಗ್ ಪಾಸ್ ಮೊದಲೇ ಕೈಯಲ್ಲಿದ್ದರೆ ಒಳಗಿನಿಂದಲೇ ಗೇಟಿಗೆ ನಡೆಯಬಹುದು. ಆದರೆ ಕೆಲವು ಕಂಪನಿಗಳು ವೆಬ್ ಚೆಕ್-ಇನ್ ಆದ ಮೇಲೂ ಹೊರಗಿನ ಕೌಂಟರಿನಲ್ಲೇ ಪಾಸ್‌ಪೋರ್ಟ್ ತೋರಿಸಬೇಕು ಅನ್ನುತ್ತವೆ, ಅಲ್ಲಿ ಈ ದಾರಿ ಮುಚ್ಚಿತು. ಅಮೆರಿಕದಲ್ಲಂತೂ ಇದು ಆಗುವುದೇ ಇಲ್ಲ. ಬರೀ ವಿಮಾನ ಬದಲಿಸುವವರೂ ಇಮಿಗ್ರೇಷನ್ ದಾಟಲೇಬೇಕು, ಟಿಕೆಟ್ ಒಂದಿರಲಿ ಎರಡಿರಲಿ.