ಗಬ್ಬು ವಾಸನೆಯ ಕಫ, ಹುಳುಕು ಹಲ್ಲು ಮತ್ತು ಎದೆಯೊಳಗಿನ ಕೀವು: ನನ್ನ ಅನುಭವ

ಐವತ್ತರ ಆಸುಪಾಸಿನವರೊಬ್ಬರು ಬಂದಿದ್ದರು. ಮೂರು ವಾರದಿಂದ ಕೆಮ್ಮು, ಸಂಜೆ ಹೊತ್ತಿಗೆ ಜ್ವರ, ರಾತ್ರಿ ಬೆವರು, ತೂಕವೂ ಇಳಿದಿತ್ತು. ಇಷ್ಟು ಕೇಳಿದರೆ ಯಾವ ಡಾಕ್ಟರಿಗಾದರೂ ಮೊದಲು ನೆನಪಾಗೋದು ಟಿಬಿ, ನನಗೂ ಅದೇ ಹೊಳೆಯಿತು. ಆದರೆ ಕಫದ ಡಬ್ಬಿ ಮುಚ್ಚಳ ತೆಗೆದ ಕೂಡಲೇ ಕೊಳೆತ ವಾಸನೆ ಮುಖಕ್ಕೆ ಹೊಡೆಯಿತು. ಟಿಬಿ ಕಫ ಸಾಮಾನ್ಯವಾಗಿ ಹೀಗೆ ನಾರೋದಿಲ್ಲ. ಬಾಯಿ ತೆರೆಸಿ ನೋಡಿದರೆ ವಸಡು ಊದಿತ್ತು, ಎರಡು ಮೂರು ಹಲ್ಲು ಬೇರಿನ ತನಕ ಹುಳುಕಾಗಿದ್ದವು.

ಕುಡಿತದ ಬಗ್ಗೆ ಕೇಳಿದಾಗ ಅವರು ಸುಮ್ಮನಿದ್ದರು. ಹೆಂಡತಿಯೇ ಹೇಳಿದರು: “ಡಾಕ್ಟ್ರೇ, ಹೋದ ತಿಂಗಳು ಕುಡಿದು ಮಲಗಿದ್ದಾಗ ಫಿಟ್ಸ್ ಬಂದಿತ್ತು. ತುಂಬಾ ಹೊತ್ತು ಎಚ್ಚರ ಇರ್ಲಿಲ್ಲ. ಆಮೇಲೆ ಎದ್ದು ಓಡಾಡಿದ್ರು ಅಲ್ವಾ, ಅದಕ್ಕೆ ಯಾರಿಗೂ ಹೇಳ್ಲಿಲ್ಲ.” ಪೂರ್ತಿ ಕಥೆ ಅಲ್ಲೇ ಸಿಕ್ಕಿತು. ನಿದ್ದೆಯಲ್ಲಿ ಎಲ್ಲರ ಎಂಜಲೂ ಚೂರುಪಾರು ಶ್ವಾಸಕೋಶಕ್ಕೆ ಇಳಿಯುತ್ತದೆ, ಕೆಮ್ಮು ಅದನ್ನು ಹೊರಹಾಕುತ್ತದೆ. ಎಚ್ಚರ ತಪ್ಪಿದವರಲ್ಲಿ ಆ ಕೆಮ್ಮೇ ಇರೋದಿಲ್ಲ. ಜೊತೆಗೆ ಕೆಟ್ಟ ವಸಡಿನಲ್ಲಿ ಆಕ್ಸಿಜನ್ ಇಲ್ಲದೆ ಬೆಳೆಯುವ ಬ್ಯಾಕ್ಟೀರಿಯಾ, ಅಂದರೆ ಅನೇರೋಬ್‌ಗಳು, ದಂಡಿಯಾಗಿ ಇರುತ್ತವೆ. ಎಂಜಲು ಇಳಿದ ಜಾಗದಲ್ಲಿ ಮೊದಲು ನ್ಯುಮೋನಿಯಾ ಆಗಿ, ಒಂದೆರಡು ವಾರದಲ್ಲಿ ಶ್ವಾಸಕೋಶದ ಆ ಭಾಗ ಕೊಳೆತು ಪೊಳ್ಳಾಗುತ್ತದೆ. ಕೀವು ತುಂಬಿದ ಈ ಪೊಳ್ಳೇ ಶ್ವಾಸಕೋಶದ ಕೀವುಗಡ್ಡೆ.

ಎಕ್ಸ್‌ರೇಯಲ್ಲಿ ಬಲಗಡೆ ಮೇಲಿನ ಹಾಲೆಯ ಹಿಂಭಾಗದಲ್ಲಿ ಸುಮಾರು 5 ಸೆಂ.ಮೀ. ಪೊಳ್ಳು ಕಂಡಿತು. ಒಳಗೆ ಕೆಳಗಡೆ ಕೀವು, ಮೇಲೆ ಗಾಳಿ, ನಡುವೆ ರೂಲರ್ ಇಟ್ಟು ಎಳೆದಂಥ ನೇರ ಗೆರೆ. ಜಾಗ ಕೂಡ ಲೆಕ್ಕಕ್ಕೆ ಸರಿಹೊಂದಿತು. ಅಂಗಾತ ಮಲಗಿದ್ದವರಲ್ಲಿ ಎಂಜಲು ಇಳಿಯೋದು ಮೇಲಿನ ಹಾಲೆಯ ಹಿಂಭಾಗಕ್ಕೆ ಅಥವಾ ಕೆಳ ಹಾಲೆಯ ಮೇಲ್ತುದಿಗೆ. ಕೂತಿದ್ದವರಲ್ಲಾದರೆ ಶ್ವಾಸಕೋಶದ ತಳಕ್ಕೆ. ಬಲ ಶ್ವಾಸನಾಳ ಅಗಲವಾಗಿ, ಹೆಚ್ಚು ನೇರವಾಗಿ ಇಳಿಯೋದರಿಂದ ಬಲಗಡೆಯೇ ಜಾಸ್ತಿ. ಆದರೆ ಮೇಲಿನ ಹಾಲೆಯ ಹಿಂಭಾಗ ಟಿಬಿಗೂ ಇಷ್ಟದ ಜಾಗ, ಹಾಗಾಗಿ ಕಫದಲ್ಲಿ ಟಿಬಿ ಪರೀಕ್ಷೆ ಬಿಡಲಿಲ್ಲ. ನೆಗೆಟಿವ್ ಬಂತು. ಅದು ಗೊತ್ತಾಗೋ ತನಕ ಲಿವೊಫ್ಲಾಕ್ಸಸಿನ್ ಥರದ ಔಷಧಿ ನಾನು ಮುಟ್ಟೋದಿಲ್ಲ, ಅದು ಟಿಬಿಯನ್ನೂ ಸ್ವಲ್ಪ ತಗ್ಗಿಸಿ ರೋಗವನ್ನು ಮುಚ್ಚಿಡುತ್ತದೆ.

ಸಿಟಿ ಮಾಡಿಸಿದ್ದು ಒಂದೇ ಪ್ರಶ್ನೆಗೆ: ಕೀವು ಶ್ವಾಸಕೋಶದ ಒಳಗಿದೆಯೋ, ಅದರ ಹೊರಗೆ ಸುತ್ತಿರೋ ಪೊರೆಗಳ ನಡುವೆ ಇದೆಯೋ? ಒಳಗಿದ್ದರೆ ಗುಂಡಗೆ, ದಪ್ಪ ಗೋಡೆಯೊಂದಿಗೆ ಕಾಣುತ್ತದೆ, ಎದೆಗೋಡೆಗೆ ತಾಗುವಲ್ಲಿ ಚೂಪು ಕೋನ ಇರುತ್ತದೆ. ಹೊರಗಿದ್ದರೆ ಉದ್ದುದ್ದ ಹರಡಿ, ಶ್ವಾಸಕೋಶವನ್ನು ಪಕ್ಕಕ್ಕೆ ತಳ್ಳಿರುತ್ತದೆ. ಪೊರೆಗಳ ನಡುವಿನ ಕೀವಿಗೆ ಟ್ಯೂಬ್ ಹಾಕಿ ತೆಗೆಯಲೇಬೇಕು. ಶ್ವಾಸಕೋಶದ ಒಳಗಿನ ಕೀವಿಗೆ ಸಾಮಾನ್ಯವಾಗಿ ಬೇಡ, ಶ್ವಾಸನಾಳದ ಮೂಲಕ ಕಫವಾಗಿ ತಾನೇ ಹೊರಬರುತ್ತದೆ. ಸುಮ್ನೆ ಸೂಜಿ ಚುಚ್ಚಿದರೆ ಕೀವು ಪೊರೆಯೊಳಗೆ ಸೋರಬಹುದು, ಗಾಳಿ ಸೋರೋ ದಾರಿಯೂ ಉಳಿದುಬಿಡಬಹುದು. ಇವರದು ಒಳಗಿತ್ತು. ಬಲ ಮಗ್ಗುಲಿಗೇ ಮಲಗಿ ಅಂತ ಹೇಳಿದೆ. ಒಮ್ಮೆಲೇ ಕೀವು ಒಡೆದು ಬಂದರೆ ಚೆನ್ನಾಗಿರೋ ಎಡಗಡೆಗೆ ನುಗ್ಗಬಾರದು.

ಔಷಧಿ ಆಂಪಿಸಿಲಿನ್-ಸಲ್ಬ್ಯಾಕ್ಟಮ್, 3 ಗ್ರಾಂ, 6 ಗಂಟೆಗೊಮ್ಮೆ ನರಕ್ಕೆ. ಕಿಡ್ನಿ ಸರಿಯಿತ್ತು, ಪೆನ್ಸಿಲಿನ್ ಅಲರ್ಜಿ ಇರಲಿಲ್ಲ. ನನ್ನ ಜೂನಿಯರ್ ಕೇಳಿದ, “ಸರ್, ಅನೇರೋಬ್ ಅಲ್ವಾ, ಮೆಟ್ರೊನಿಡಜೋಲ್ ಸೇರಿಸೋಣ್ವಾ?” ಬೇಡ ಅಂದೆ. ಅನೇರೋಬ್ ಕೊಲ್ಲೋ ಕೆಲಸವನ್ನು ಈಗ ಕೊಡ್ತಿರೋ ಔಷಧಿಯೇ ಮಾಡುತ್ತದೆ, ಮೇಲೊಂದು ಸೇರಿಸಿದರೆ ಬಾಯಿ ಕಹಿ, ಓಕರಿಕೆ ಅಷ್ಟೇ ಲಾಭ. ಮೆಟ್ರೊನಿಡಜೋಲ್ ಒಂದನ್ನೇ ಕೊಡೋದಂತೂ ಇನ್ನೂ ತಪ್ಪು, ಯಾಕಂದರೆ ಇಂಥ ಕೀವಿನಲ್ಲಿ ಬಾಯಿಯ ಸ್ಟ್ರೆಪ್ಟೊಕಾಕೈ ಬ್ಯಾಕ್ಟೀರಿಯಾ ಕೂಡ ಇರುತ್ತವೆ, ಅವಕ್ಕೆ ಅದು ತಾಗೋದೇ ಇಲ್ಲ.

ಅದೇ ವಾರ್ಡಿನಲ್ಲಿ ಲಕ್ವ ಹೊಡೆದ ಅಜ್ಜಿಯೊಬ್ಬರಿದ್ದರು. ನುಂಗುವಾಗ ನೆತ್ತಿಗೇರಿ, ಎರಡನೇ ದಿನಕ್ಕೆ ಜ್ವರ, ಎಕ್ಸ್‌ರೇಯಲ್ಲಿ ತಳದಲ್ಲಿ ಬಿಳಿ ಮಚ್ಚೆ. ಅವರಿಗೆ ಅನೇರೋಬ್‌ಗೆ ಅಂತ ಬೇರೆ ಏನೂ ಕೊಡಲಿಲ್ಲ, ಮಾಮೂಲಿ ನ್ಯುಮೋನಿಯಾ ಔಷಧಿ ಒಂದು ವಾರಕ್ಕೆ ಸಾಕಾಯಿತು. ಅಮೆರಿಕದ ಎದೆರೋಗ ಮತ್ತು ಸೋಂಕುರೋಗ ತಜ್ಞರ ಸಂಘಗಳಾದ ಎಟಿಎಸ್-ಐಡಿಎಸ್ಎಯ 2019ರ ನ್ಯುಮೋನಿಯಾ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಕೀವುಗಡ್ಡೆಯೋ ಪೊರೆಯಲ್ಲಿ ಕೀವೋ ಇರಬಹುದು ಅನ್ನಿಸಿದರೆ ಮಾತ್ರ ಅನೇರೋಬ್‌ಗೆ ಔಷಧಿ ಸೇರಿಸಿ, ನೆತ್ತಿಗೇರಿದೆ ಅನ್ನೋ ಕಾರಣಕ್ಕೇ ಬೇಡ. ಇನ್ನು ವಾಂತಿ ಶ್ವಾಸಕೋಶಕ್ಕೆ ಹೋಗಿ ಕೆಲವೇ ಗಂಟೆಯಲ್ಲಿ ಏದುಸಿರು ಬಂದರೆ ಅದು ಹೊಟ್ಟೆಯ ಆಸಿಡ್‌ನ ಸುಟ್ಟಗಾಯ, ಸೋಂಕಲ್ಲ. ತೀರಾ ಸೀರಿಯಸ್ ಅಲ್ಲದಿದ್ದರೆ ಆಕ್ಸಿಜನ್ ಕೊಟ್ಟು ಎರಡು ದಿನ ಕಾದು ನೋಡುತ್ತೇನೆ, ಹಲವರಲ್ಲಿ ಅಷ್ಟರಲ್ಲೇ ತಿಳಿಯಾಗುತ್ತದೆ.

ನಮ್ಮ ರೋಗಿಗೆ ಬರೋಣ. ಐದನೇ ದಿನವೂ ಜ್ವರ ಬರ್ತಾ ಇತ್ತು. ಮನೆಯವರಿಗೆ ಗಾಬರಿ, ಔಷಧಿ ಬದಲಾಯಿಸೋಣ ಅಂತ ಜೂನಿಯರ್‌ಗೆ ಆತುರ. ಕೀವುಗಡ್ಡೆಯಲ್ಲಿ ಜ್ವರ ಪೂರ್ತಿ ಇಳಿಯೋಕೆ ವಾರ, ಹತ್ತು ದಿನವೂ ಹಿಡಿಯಬಹುದು, ಮೊದಲ ವಾರದಲ್ಲಿ ಎಕ್ಸ್‌ರೇ ಕೆಟ್ಟ ಹಾಗೂ ಕಾಣಬಹುದು. ನಾನು ನೋಡಿದ್ದು ಬೇರೆ: ಜ್ವರದ ಶಿಖರ ದಿನದಿನಕ್ಕೆ ತಗ್ಗುತ್ತಿತ್ತು, ಊಟ ಸೇರುತ್ತಿತ್ತು, ಕಫದ ವಾಸನೆ ಕಡಿಮೆಯಾಗಿತ್ತು. ಅದೇ ಔಷಧಿ ಮುಂದುವರಿಸಿದೆ. ಎಂಟನೇ ದಿನಕ್ಕೆ ಜ್ವರ ನಿಂತಿತು. ಹತ್ತು ದಿನ ಕಳೆದರೂ ಇಳಿಯದಿದ್ದರೆ ಮತ್ತೆ ಸಿಟಿ, ಬ್ರಾಂಕೋಸ್ಕೋಪಿ ಮಾಡಿಸುತ್ತಿದ್ದೆ. ಶ್ವಾಸನಾಳಕ್ಕೆ ಏನಾದರೂ ಅಡ್ಡ ಕೂತಿದೆಯಾ ಅಂತ ನೋಡಬೇಕಾಗುತ್ತಿತ್ತು. ಪೊಳ್ಳು 6 ಸೆಂ.ಮೀ. ದಾಟಿದ್ದರೆ ಔಷಧಿಯೊಂದಕ್ಕೇ ಬಗ್ಗೋದು ಕಷ್ಟ, ಆಗ ಕೀವು ತೆಗೆಸೋ ಮಾತು ಬರುತ್ತದೆ. ಬಾಯಲ್ಲಿ ಒಂದೂ ಹಲ್ಲಿಲ್ಲದವರಲ್ಲಿ ಇಂಥ ಪೊಳ್ಳು ಕಂಡರೆ ಮಾತ್ರ ನಾನು ಕಾಯೋದೇ ಇಲ್ಲ. ಹಲ್ಲಿಲ್ಲದ ಬಾಯಲ್ಲಿ ಅನೇರೋಬ್ ಕಡಿಮೆ, ಹಾಗಾಗಿ ಕ್ಯಾನ್ಸರ್ ಇದೆಯಾ ಅಂತ ಮೊದಲೇ ಹುಡುಕುತ್ತೇನೆ.

ಜ್ವರ ನಿಂತ ಮೇಲೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮಾತ್ರೆ, 875/125 ಮಿ.ಗ್ರಾಂ., ದಿನಕ್ಕೆರಡು ಬಾರಿ. ಮೂರನೇ ವಾರ ಬಂದು “ಆರಾಮಾಗಿದ್ದೀನಿ, ಮಾತ್ರೆ ಸಾಕಲ್ವಾ ಡಾಕ್ಟ್ರೇ?” ಅಂದರು. ಎಕ್ಸ್‌ರೇ ತೋರಿಸಿದೆ: ಪೊಳ್ಳು ಅರ್ಧಕ್ಕೆ ಇಳಿದಿತ್ತು, ಹೋಗಿರಲಿಲ್ಲ. ಇಲ್ಲಿ ಚೆನ್ನಾಗಿದ್ದೀನಿ ಅನ್ನೋದನ್ನು ನಂಬಿ ನಿಲ್ಲಿಸಿದರೆ ರೋಗ ಮರುಕಳಿಸಬಹುದು. ಮೂರರಿಂದ ಆರು ವಾರ ಅನ್ನೋದು ಅಂದಾಜು ಮಾತ್ರ. ನಾನು ನಿಲ್ಲಿಸೋದು ಎಕ್ಸ್‌ರೇ ತಿಳಿಯಾದಾಗ, ಇಲ್ಲವೇ ಬದಲಾಗದ ಸಣ್ಣ ಕಲೆಯಷ್ಟೇ ಉಳಿದಾಗ. ಇವರಿಗೆ ಆರನೇ ವಾರದ ಎಕ್ಸ್‌ರೇಯಲ್ಲಿ ತೆಳು ಗೆರೆಯೊಂದು ಉಳಿದಿತ್ತು, ಮಾತ್ರೆ ಬಿಡಿಸಿದೆ. ಅಷ್ಟರಲ್ಲಿ ಹುಳುಕು ಹಲ್ಲುಗಳನ್ನೂ ಕೀಳಿಸಿಕೊಂಡಿದ್ದರು, ಫಿಟ್ಸ್ ಮಾತ್ರೆ ಶುರುವಾಗಿತ್ತು. ಕುಡಿತದ ವಿಷಯದಲ್ಲಿ ಮಾತ್ರ ಹೆಂಡತಿ ಇನ್ನೂ ಜಗಳ ಆಡ್ತಾನೇ ಇದ್ದರು.