ನಿದ್ದೆಯ ಮದ್ದು ಅರ್ಧ, ಸ್ನಾಯು ಸಡಿಲಿಸುವ ಮದ್ದು ಪೂರ್ತಿ

ಆ ರಾತ್ರಿ ಬಂದ ಹುಡುಗನಿಗೆ ಮೂರು ವರ್ಷ. ನ್ಯುಮೋನಿಯಾ, ಜೊತೆಗೆ ಸೋಂಕಿನಿಂದ ಬಿಪಿ ಕುಸಿಯುವ ಸೆಪ್ಟಿಕ್ ಶಾಕ್. ಕೈಕಾಲು ತಣ್ಣಗಿದ್ದವು, ಬಿಪಿ 70/32. ಮಾಸ್ಕ್‌ನಲ್ಲಿ ಆಕ್ಸಿಜನ್ ಕೊಟ್ಟರೂ ಸ್ಯಾಚುರೇಷನ್ 88 ದಾಟುತ್ತಿರಲಿಲ್ಲ. ಉಸಿರೆಳೆದು ಎಳೆದು ಸುಸ್ತಾಗಿ ತೂಕಡಿಸುತ್ತಿದ್ದ. ಶ್ವಾಸನಾಳಕ್ಕೆ ಟ್ಯೂಬ್ ಹಾಕಲೇಬೇಕಿತ್ತು.

ಮೊದಲು ತೂಕ ಗೊತ್ತಾಗಬೇಕು. ವಯಸ್ಸಿಗೆ 4 ಕೂಡಿಸಿ ಎರಡರಿಂದ ಗುಣಿಸುವ ಲೆಕ್ಕ ಹಾಕಿದರೆ 14 ಕೆ.ಜಿ. ಬರುತ್ತದೆ. ಆದರೆ ಹುಡುಗ ಅಷ್ಟು ಕಾಣಲಿಲ್ಲ. "ಅಮ್ಮಾ, ಅಂಗನವಾಡಿಯಲ್ಲಿ ತೂಕ ಮಾಡಿಸಿದ್ರಾ?" ಅಂತ ಕೇಳಿದೆ. ಅವರು ಸೆರಗಿನಲ್ಲಿ ಕಟ್ಟಿಕೊಂಡಿದ್ದ ಕಾರ್ಡ್ ಬಿಚ್ಚಿ ಕೊಟ್ಟರು. ಹಿಂದಿನ ತಿಂಗಳು 12 ಕೆ.ಜಿ. ನಾನು 12 ಅನ್ನೇ ಹಿಡಿದೆ. ವೈಟ್‌ಬೋರ್ಡ್ ಮೇಲೆ ದೊಡ್ಡದಾಗಿ ಬರೆದೆ, ಎಲ್ಲರಿಗೂ ಕಾಣುವ ಹಾಗೆ.

ಶುರುವಿನ ವರ್ಷಗಳಲ್ಲಿ ನಾನು ಒಂದು ತಪ್ಪು ಮಾಡಿದ್ದೆ. ಇಂಥದ್ದೇ ಮಗುವಿಗೆ ಮಿಡಜೋಲಮ್ ಮತ್ತು ಫೆಂಟನಿಲ್ ಎರಡನ್ನೂ ಮಾಮೂಲಿ ಡೋಸ್‌ನಲ್ಲಿ ಕೊಟ್ಟೆ. ಟ್ಯೂಬ್ ಸಲೀಸಾಗಿ ಹೋಯಿತು, ಆದರೆ ಎರಡು ನಿಮಿಷದಲ್ಲಿ ನಾಡಿ ಕೈಗೆ ಸಿಗಲಿಲ್ಲ. ಶಾಕ್‌ನಲ್ಲಿರುವ ಮಗು ತನ್ನ ಒಳಗಿನ ಅಡ್ರಿನಲಿನ್ ಬಲದಿಂದಲೇ ಬಿಪಿ ಹಿಡಿದುಕೊಂಡಿರುತ್ತದೆ. ನಿದ್ದೆಯ ಮದ್ದು ಅದನ್ನು ಕಿತ್ತುಕೊಳ್ಳುತ್ತದೆ. ಆ ಮಗು ಉಳಿಯಿತು, ಆದರೆ ಆ ಎರಡು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ.

ಹಾಗಾಗಿ ಈ ಹುಡುಗನಿಗೆ ಮೊದಲು ಬಿಪಿ ಸರಿಮಾಡಿದೆವು. ಕೆ.ಜಿ.ಗೆ 10 ಮಿ.ಲೀ.ನಂತೆ ಸಲೈನ್ ಎರಡು ಸಲ, ಆಮೇಲೆ ಕೈಯ ಲೈನ್‌ನಲ್ಲೇ ಅಡ್ರಿನಲಿನ್, ನಿಮಿಷಕ್ಕೆ ಕೆ.ಜಿ.ಗೆ 0.1 ಮೈಕ್ರೋಗ್ರಾಂ. ಬಿಪಿ 84 ಮುಟ್ಟಿದ ಮೇಲೆ ಸಿರಿಂಜ್‌ಗಳಿಗೆ ಕೈ ಹಾಕಿದೆ.

ನಿದ್ದೆಗೆ ಕೆಟಮಿನ್. ಗಟ್ಟಿಯಾಗಿರುವ ಮಗುವಿಗೆ ಕೆ.ಜಿ.ಗೆ 2 ಮಿ.ಗ್ರಾಂ. ಕೊಡುತ್ತೇನೆ. ಶಾಕ್‌ನಲ್ಲಿ 1, ಬಿಪಿ ತೀರಾ ಕೆಳಗಿದ್ದರೆ ಅರ್ಧ ಮಿ.ಗ್ರಾಂ. ಸಾಕು. ಇವನಿಗೆ 12 ಮಿ.ಗ್ರಾಂ. ನಮ್ಮಲ್ಲಿರುವ ವಯಲ್ ಒಂದು ಮಿ.ಲೀ.ಗೆ 50 ಮಿ.ಗ್ರಾಂ. ಒಂದು ಮಿ.ಲೀ. ತೆಗೆದು ಸಲೈನ್ ಸೇರಿಸಿ ಐದು ಮಾಡಿದರೆ ಮಿ.ಲೀ.ಗೆ 10 ಆಗುತ್ತದೆ. ಬೇಕಿದ್ದದ್ದು 1.2 ಮಿ.ಲೀ.

ಸ್ನಾಯು ಸಡಿಲಿಸಲು ರೋಕ್ಯುರೋನಿಯಂ, ಕೆ.ಜಿ.ಗೆ 1.2 ಮಿ.ಗ್ರಾಂ. ಇದನ್ನು ಮಾತ್ರ ಶಾಕ್‌ನಲ್ಲಿ ಕಡಿಮೆ ಮಾಡಬಾರದು. ರಕ್ತ ನಿಧಾನವಾಗಿ ಓಡುವಾಗ ಮದ್ದು ಸ್ನಾಯು ಮುಟ್ಟುವುದೂ ತಡ. ಕಡಿಮೆ ಕೊಟ್ಟರೆ ಬಾಯಿ ಅರ್ಧಂಬರ್ಧ ತೆರೆಯುತ್ತದೆ, ಮಗು ಕೆಮ್ಮುತ್ತದೆ, ಸ್ಯಾಚುರೇಷನ್ ಬೀಳುತ್ತದೆ. ಇವನಿಗೆ 14.4 ಮಿ.ಗ್ರಾಂ., ಮಿ.ಲೀ.ಗೆ 10 ಮಿ.ಗ್ರಾಂ. ಇರುವ ವಯಲ್‌ನಿಂದ ಸುಮಾರು 1.4 ಮಿ.ಲೀ. ಇದೇ ಕೆಲಸದ ಇನ್ನೊಂದು ಮದ್ದು ಸಕ್ಸಿನೈಲ್‌ಕೋಲಿನ್ ಬೇಗ ಕೆಲಸ ಮಾಡಿ ಬೇಗ ಇಳಿಯುತ್ತದೆ, ನಿಜ. ಆದರೆ ಬ್ಲಡ್ ಗ್ಯಾಸ್‌ನಲ್ಲಿ ಪೊಟಾಷಿಯಂ 6.1 ಇತ್ತು, ಈ ಮದ್ದು ಅದನ್ನು ಇನ್ನೂ ಏರಿಸುತ್ತದೆ. ಪೊಟಾಷಿಯಂ ಸರಿಯಿದ್ದರೂ, ಗಂಡು ಮಗುವಿಗೆ ಗೊತ್ತಾಗದ ಸ್ನಾಯು ಕಾಯಿಲೆ ಇರಬಹುದು ಅನ್ನುವ ಭಯಕ್ಕೆ ನಾನು ಅದನ್ನು ಮೊದಲ ಆಯ್ಕೆ ಮಾಡುವುದಿಲ್ಲ.

ರೋಕ್ಯುರೋನಿಯಂ ಕೊಟ್ಟ ಮೇಲೆ ಮಗು ಮುಕ್ಕಾಲು ಗಂಟೆಯೋ ಜಾಸ್ತಿಯೋ ತಾನಾಗಿ ಉಸಿರಾಡುವುದಿಲ್ಲ. ಮಾಸ್ಕ್‌ನಲ್ಲಿ ಎದೆ ಚೆನ್ನಾಗಿ ಏಳುತ್ತದೆ ಅಂತ ಮೊದಲೇ ನೋಡಿಕೊಳ್ಳದೆ ಅದನ್ನು ತಳ್ಳುವುದಿಲ್ಲ.

ಮೂರನೇ ಸಿರಿಂಜ್ ಅಡ್ರಿನಲಿನ್, ಮಿ.ಲೀ.ಗೆ 10 ಮೈಕ್ರೋಗ್ರಾಂಗೆ ಇಳಿಸಿದ್ದು. ಬಿಪಿ ಬಿದ್ದರೆ ಕೆ.ಜಿ.ಗೆ 1 ಮೈಕ್ರೋಗ್ರಾಂ, ಇವನಿಗೆ 1.2 ಮಿ.ಲೀ. ಅಟ್ರೋಪಿನ್ 0.24 ಮಿ.ಗ್ರಾಂ. ಪಕ್ಕದಲ್ಲಿತ್ತು, ಹಾರ್ಟ್ ರೇಟ್ ಇಳಿದರೆ ಮಾತ್ರ ಕೊಡಲು.

ಇಲ್ಲಿ ನೋಡಿ, ಕೆಟಮಿನ್ 1.2, ರೋಕ್ಯುರೋನಿಯಂ 1.4, ಅಡ್ರಿನಲಿನ್ 1.2. ಮೂರೂ ನೀರಿನಂತೆ ತಿಳಿ, ಮೂರೂ ಹೆಚ್ಚುಕಡಿಮೆ ಅಷ್ಟೇ ಅಳತೆ. ಕೈ ತಪ್ಪಿ ಮೊದಲು ರೋಕ್ಯುರೋನಿಯಂ ಹೋದರೆ ಮಗು ಎಚ್ಚರವಿದ್ದೇ ಕದಲಲಾರದೆ ಮಲಗುತ್ತದೆ. ಅದಕ್ಕೆ ಸಿರಿಂಜ್ ಮೇಲೆ ಹೆಸರು ಮತ್ತು ಮಿ.ಗ್ರಾಂ. ಎರಡನ್ನೂ ಬರೆಯುತ್ತೇವೆ. "ಸಿಸ್ಟರ್, ಕೆಟಮಿನ್ ಹನ್ನೆರಡು" ಅಂದರೆ ಅವರು ಲೇಬಲ್ ಓದಿ "ಕೆಟಮಿನ್ ಹನ್ನೆರಡು" ಅಂದ ಮೇಲೆಯೇ ತಳ್ಳುವುದು. ಹಿಂದೆಯೇ ರೋಕ್ಯುರೋನಿಯಂ, ಆಮೇಲೆ ಸಲೈನ್.

ಪೂರ್ತಿ ಒಂದು ನಿಮಿಷ ಕಾದೆ. ದವಡೆ ಸಡಿಲವಾಯಿತು. ಕಫ್ ಇರುವ 4 ನಂಬರ್ ಟ್ಯೂಬ್ ಒಂದೇ ಸಲಕ್ಕೆ ಹೋಯಿತು, ಮಾನಿಟರ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಅಲೆ ಬಂತು. ಬಿಪಿ 72ಕ್ಕೆ ಇಳಿಯಿತು, ಸಿದ್ಧವಿದ್ದ ಅಡ್ರಿನಲಿನ್ ಒಂದು ಸಲ ಕೊಟ್ಟ ಮೇಲೆ 86.

ಹದಿನೈದು ನಿಮಿಷದ ಮೇಲೆ ಹಾರ್ಟ್ ರೇಟ್ 150ರಿಂದ 178ಕ್ಕೆ ಏರಿತು. ಬಿಪಿ, ಟ್ಯೂಬ್, ಸ್ಯಾಚುರೇಷನ್ ಎಲ್ಲ ಸರಿಯೇ ಇತ್ತು. ಮುಖ ನೋಡಿದೆ. ಮುಚ್ಚಿದ ರೆಪ್ಪೆಯ ತುದಿಯಿಂದ ನೀರು ಇಳಿದು ಕಿವಿಯ ಹತ್ತಿರ ನಿಂತಿತ್ತು. ಕೆಟಮಿನ್ ಇಳಿದಿತ್ತು, ರೋಕ್ಯುರೋನಿಯಂ ಇಳಿದಿರಲಿಲ್ಲ. ತಕ್ಷಣ ಇನ್ನೊಂದು 6 ಮಿ.ಗ್ರಾಂ. ಕೆಟಮಿನ್ ಕೊಟ್ಟು, ಗಂಟೆಗೆ 12 ಮೈಕ್ರೋಗ್ರಾಂ ಫೆಂಟನಿಲ್ ಶುರು ಮಾಡಿದೆ. ಹಾರ್ಟ್ ರೇಟ್ ಮೆಲ್ಲಗೆ ಇಳಿಯಿತು. ಈಗ ಫೆಂಟನಿಲ್ ಪಂಪ್ ಟ್ಯೂಬ್ ಹಾಕುವ ಮೊದಲೇ ತುಂಬಿ ಸಿದ್ಧವಿರುತ್ತದೆ.